ಹಂಪಿಯ ಫೋಟೊ ಹಳೆಯದಾಗುತ್ತದೆ, ಸ್ಕೂಲಿನ ಟೈಮು ಹಳೆಯದಾಗುವುದಿಲ್ಲ

ಪ್ರವಾಸದ ಫೋಟೊ ಬಗ್ಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದಿದೆ: ಊರಿಗೆ ವಾಪಸ್ ಬಂದ ಮೇಲೆ ಹಾಕಿ. ಮಾತು ಸರಿ. ಆದರೆ ಅದರಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ.

ಮನೆ ಖಾಲಿ ಇದೆ ಅನ್ನುವ ಸುದ್ದಿಗೆ ಆಯುಷ್ಯ ಕಡಿಮೆ. ನೀವು ಬಂದು ಬೀಗ ತೆಗೆದರೆ ಅದು ಮುಗಿಯಿತು. ಮಗಳು ಯಾವ ಸ್ಕೂಲಿಗೆ ಹೋಗುತ್ತಾಳೆ, ಎಷ್ಟೊತ್ತಿಗೆ ಗೇಟಿನ ಹೊರಗೆ ಬರುತ್ತಾಳೆ, ಕರೆದುಕೊಂಡು ಬರುವವರು ಯಾರು ಅನ್ನುವ ಸುದ್ದಿ ಹಾಗಲ್ಲ. ಪರೀಕ್ಷೆ ಮುಗಿಯುವ ತನಕ ಅದು ಪ್ರತಿ ದಿನ ನಿಜವಾಗಿಯೇ ಇರುತ್ತದೆ. ಫೋಟೊ ಒಂದು ವಾರ ತಡೆದು ಹಾಕಿ, ಒಂದು ತಿಂಗಳು ತಡೆದು ಹಾಕಿ, ಏನೂ ವ್ಯತ್ಯಾಸವಿಲ್ಲ. ಹಾಗಾಗಿ ಇವೆರಡಕ್ಕೂ ಒಂದೇ ಔಷಧ ನಡೆಯುವುದಿಲ್ಲ. ಮೊದಲನೆಯದನ್ನು ತಡ ಮಾಡಿ ಮುಚ್ಚಬಹುದು. ಎರಡನೆಯದನ್ನು ಫೋಟೊದಿಂದಲೇ ತೆಗೆಯಬೇಕು.

ಇದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ಧಾರವಾಡದ ಒಂದು ಮನೆ ಅಂದುಕೊಳ್ಳಿ. ಗಂಡ, ಹೆಂಡತಿ, ಮೂರನೇ ಕ್ಲಾಸಿನ ಮಗಳು, ಜೊತೆಗೆ ಗಂಡನ ಅವ್ವ. ಶನಿವಾರ ಮಗಳ ಮಾರ್ನಿಂಗ್ ಸ್ಕೂಲ್ ಮುಗಿದ ಮೇಲೆ ಕಾರಿನಲ್ಲಿ ಹೊರಟರು. ಗದಗದಲ್ಲಿ ಗಿರ್ಮಿಟ್, ಮಿರ್ಚಿ. ಅಲ್ಲಿಂದ ಹನ್ನೆರಡು ಕಿಲೋಮೀಟರ್ ಮುಂದೆ ಲಕ್ಕುಂಡಿ. ರಾತ್ರಿ ಹೊಸಪೇಟೆಯಲ್ಲಿ ತಂಗಿ, ಭಾನುವಾರ ಮತ್ತು ಸೋಮವಾರ ಹಂಪಿ. ಸೋಮವಾರ ಮಗಳಿಗೆ ರಜೆ ಹಾಕಿಸಿದ್ದಾರೆ. ಅಂದು ರಾತ್ರಿ ವಾಪಸ್. ಈ ಮೂರು ದಿನದಲ್ಲಿ ಅವರು ಎಲ್ಲರೂ ಹಾಕುವ ಹಾಗೆಯೇ ಸ್ಟೇಟಸ್ ಹಾಕುತ್ತಾ ಹೋದರು ಅಂದುಕೊಳ್ಳಿ. ಯಾರಿಗೆ ಏನು ತಿಳಿಯಿತು?

ಮೊದಲ ಫೋಟೊ ಮನೆಯ ಗೇಟಿನ ಮುಂದೆ. ಕಾರಿನ ಡಿಕ್ಕಿ ತೆರೆದಿದೆ, ಬ್ಯಾಗುಗಳು ಕಾಣುತ್ತಿವೆ. ಮುಂದಿನ ಸೀಟಿನಲ್ಲಿ ಅಜ್ಜಿ ಕೂತಿದ್ದಾರೆ. ಕೆಎ-25ರ ನಂಬರ್ ಪ್ಲೇಟ್ ಪೂರ್ತಿ ಬಂದಿದೆ. ಹಿಂದೆ ಬಾಗಿಲಿಗೆ ಹಾಕಿದ ಬೀಗವೂ ಇದೆ. ಎರಡನೆಯದರಲ್ಲಿ ಮಗಳು ಹಿಂದಿನ ಸೀಟಿನಲ್ಲಿ ಮಲಗಿದ್ದಾಳೆ. ಶನಿವಾರದ ಬಿಳಿ ಡ್ರೆಸ್ ಇನ್ನೂ ಬದಲಿಸಿಲ್ಲ, ಕೊರಳಲ್ಲಿ ಐಡಿ ಕಾರ್ಡ್ ಹಾಗೇ ಇದೆ. ಕೆಳಗೆ ಬರೆದದ್ದು, ‘ಹನ್ನೊಂದೂವರೆಗೆ ಸ್ಕೂಲ್ ಬಿಟ್ಟಿತು, ಗೇಟಿನಿಂದಲೇ ಎತ್ತಾಕಿಕೊಂಡು ಹೊರಟೆವು!’ ಮೂರನೆಯದು ಲಕ್ಕುಂಡಿಯ ಮುಸುಕಿನ ಬಾವಿ. ನಾಲ್ಕನೆಯದು ಹಂಪಿಯ ಕಲ್ಲಿನ ರಥದ ಮುಂದೆ ನಾಲ್ವರೂ ನಿಂತದ್ದು. ಕೊನೆಯದು ಸೋಮವಾರ ಸಂಜೆ ಹೇಮಕೂಟದ ಮೇಲೆ ಸೂರ್ಯ ಮುಳುಗುವ ಹೊತ್ತು. ‘ಮುಗೀತು ರಜೆ. ನಾಳೆಯಿಂದ ಮತ್ತೆ ಎಂಟೂ ಹತ್ತರ ವ್ಯಾನು.’

ಇದರಲ್ಲಿ ಯಾವ ಫೋಟೊವನ್ನು ಬಿಡಿಯಾಗಿ ತೋರಿಸಿದರೂ ಯಾರೂ ತಪ್ಪು ಹುಡುಕುವುದಿಲ್ಲ. ಒಂದರ ಹಿಂದೆ ಒಂದು ಇಟ್ಟಾಗಲೇ ಅವು ಮಾತಾಡುವುದು. ನಾಲ್ಕನೇ ಫೋಟೊದಲ್ಲಿ ಮನೆಯವರು ನಾಲ್ವರೂ ಇದ್ದಾರೆ, ಅಂದರೆ ಮನೆಯಲ್ಲಿ ಯಾರೂ ಇಲ್ಲ. ಕೊನೆಯ ಸಾಲು ನಾಳೆಯಿಂದ ಸ್ಕೂಲ್ ಅನ್ನುತ್ತದೆ, ಅಂದರೆ ಇವತ್ತು ರಾತ್ರಿ ತಡವಾಗಿ ಬರುತ್ತಾರೆ, ಅಲ್ಲಿಯತನಕ ಬರುವುದಿಲ್ಲ. ಬಿಳಿ ಡ್ರೆಸ್ಸಿನಿಂದ ವಾರ ಗೊತ್ತಾಗುತ್ತದೆ, ಐಡಿ ಕಾರ್ಡಿನ ಪಟ್ಟಿಯಿಂದ ಸ್ಕೂಲು ಗೊತ್ತಾಗುತ್ತದೆ, ಬರಹದಿಂದ ಗಂಟೆ ಗೊತ್ತಾಗುತ್ತದೆ. ಇಷ್ಟಕ್ಕೂ ಇಲ್ಲಿ ಯಾರೂ ಲೊಕೇಶನ್ ಹಾಕಿಲ್ಲ, ವಿಳಾಸ ಬರೆದಿಲ್ಲ.

ಇನ್ನೂ ಒಂದು ಜಾಗದಿಂದ ಸುದ್ದಿ ಹೊರಗೆ ಹೋಗುತ್ತದೆ. ಅದರ ಕಡೆ ಯಾರೂ ಜಾಸ್ತಿ ಗಮನ ಕೊಡುವುದಿಲ್ಲ. ಅದು ಕಾಮೆಂಟ್. ಇದೇ ಕಲ್ಲಿನ ರಥದ ಫೋಟೊವನ್ನು ಫೇಸ್‌ಬುಕ್ಕಿನಲ್ಲಿಯೂ ಹಾಕಿದ್ದಾರೆ ಅನ್ನಿ. ಬರಹದಲ್ಲಿ ಏನೂ ಇಲ್ಲ, ಬರೀ ಒಂದು ನಮಸ್ಕಾರದ ಚಿಹ್ನೆ. ಕೆಳಗೆ ಕಾಕು ಪ್ರೀತಿಯಿಂದ ಕೇಳುತ್ತಾರೆ: ‘ಅವ್ವನ್ನೂ ಕರ್ಕೊಂಡ ಹೋಗೀರೇನು? ಭಾಳ ಚಲೋ ಆತು. ಯಾವಾಗ ಬರ್ತೀರಿ ಹೊಳ್ಳಿ?’ ಉತ್ತರವೂ ಅಷ್ಟೇ ಪ್ರೀತಿಯದು: ‘ಹೌದ್ರೀ ಕಾಕು, ಅವ್ವನೂ ಬಂದಾಳ. ಸೋಮವಾರ ರಾತ್ರಿ ಬರ್ತೀವಿ.’ ಫೋಟೊ ಹೇಳದೆ ಉಳಿಸಿದ್ದನ್ನು ಈ ಎರಡು ಸಾಲು ಹೇಳಿಬಿಟ್ಟವು. ಮನೆಯಲ್ಲಿ ಯಾವಾಗಲೂ ಇರುವ ಹಿರಿಯರು ಈಗ ಇಲ್ಲ, ವಾಪಸ್ ಬರುವ ದಿನ ಇಂಥದ್ದು. ನಮ್ಮ ಕಡೆ ಇಂಥ ಪ್ರಶ್ನೆ ಕೇಳದೆ ಇರುವುದು ಮರ್ಯಾದೆಯೇ ಅಲ್ಲ. ಹಾಗಾಗಿ ಕಾಕುಗೆ ಕೇಳಬೇಡಿ ಅನ್ನಲಾಗದು. ಕಾಮೆಂಟಿನಲ್ಲಿ ಉತ್ತರ ಕೊಡದೆ ನೇರ ಫೋನ್ ಹಚ್ಚಿ ಮಾತಾಡಿದರಾಯಿತು. ಕಾಮೆಂಟನ್ನು ಸದ್ಯಕ್ಕೆ ಮರೆಮಾಡಿದರೂ ಕಾಕು ಬೇಜಾರಾಗುವುದಿಲ್ಲ, ಫೋನ್ ಬಂತಲ್ಲ.

ಈಗ ಯಾರು ನೋಡುತ್ತಾರೆ ಅನ್ನುವುದಕ್ಕೆ ಬರೋಣ. ಹುಬ್ಬಳ್ಳಿ-ಧಾರವಾಡದಲ್ಲಿ ಪ್ರವಾಸದ ಫೋಟೊ ಮೊದಲು ಹೋಗುವುದು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ. ‘ನಮ್ಮವರು ಮಾತ್ರ ನೋಡೋದು’ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆ್ಯಪ್ ಲೆಕ್ಕ ಹಾಕುವುದು ಬೇರೆ ರೀತಿ. `My contacts` ಅಂತ ಇದ್ದರೆ, ನಿಮ್ಮ ಫೋನಿನಲ್ಲಿ ಯಾರ ನಂಬರ್ ಇದ್ದು, ಅವರ ಫೋನಿನಲ್ಲೂ ನಿಮ್ಮ ನಂಬರ್ ಇದೆಯೋ, ಅವರೆಲ್ಲರಿಗೂ ಸ್ಟೇಟಸ್ ಹೋಗುತ್ತದೆ. ಮೂರು ವರ್ಷದ ಹಿಂದೆ ಫ್ಲಾಟ್ ತೋರಿಸಿದ ಏಜೆಂಟ್, ಒಮ್ಮೆ ಮಾತ್ರ ಬಂದು ಇನ್ವರ್ಟರ್ ರಿಪೇರಿ ಮಾಡಿದವರು, ಹಳೆ ಆಫೀಸಿನವರು, ಲೇಔಟಿನ ಗ್ರೂಪಿನಿಂದ ಸೇವ್ ಮಾಡಿಕೊಂಡ ಮುಖವೇ ಗೊತ್ತಿಲ್ಲದವರು, ಎಲ್ಲರೂ ಅದರೊಳಗಿದ್ದಾರೆ. ಇವರಲ್ಲಿ ಯಾರ ಮೇಲೂ ಅನುಮಾನ ಪಡಬೇಕಿಲ್ಲ, ಬಡವರ ಮೇಲಂತೂ ಸುಮ್ನೆ ಅನುಮಾನ ಪಡುವುದು ಅನ್ಯಾಯ. ಆದರೆ ಅವರ ಫೋನು ಇನ್ನಾರ ಕೈಗೋ ಹೋಗುತ್ತದೆ, ಸ್ಕ್ರೀನ್‌ಶಾಟ್ ಇನ್ನೊಂದು ಗ್ರೂಪಿಗೆ ಹೋಗುತ್ತದೆ. ಬೀಗ ಹಾಕಿದ ಮನೆಯ ಸುದ್ದಿಯನ್ನು ಇಷ್ಟು ಜನಕ್ಕೆ ಬಾಯಿ ಬಿಟ್ಟು ಯಾರಾದರೂ ಹೇಳುತ್ತಾರಾ?

ಸ್ಟೇಟಸ್ ಯಾರು ನೋಡಿದರು ಅಂತ ತೋರಿಸುವ ಪಟ್ಟಿಯನ್ನೂ ಪೂರ್ತಿ ನಂಬಬಾರದು. ನೀಲಿ ಟಿಕ್ ಬಂದ್ ಮಾಡಿಟ್ಟುಕೊಂಡವರು ನೋಡಿದರೂ ಅವರ ಹೆಸರು ಆ ಪಟ್ಟಿಯಲ್ಲಿ ಬರುವುದಿಲ್ಲ. ಇನ್ನೊಂದು ವಿಷಯ. ಸ್ಟೇಟಸ್ಸಿನ ಪ್ರೈವಸಿ ಬದಲಿಸಿದರೆ ಅದು ಮುಂದೆ ಹಾಕುವ ಫೋಟೊಗಳಿಗೆ ಮಾತ್ರ ಅನ್ವಯ. ಆಗಲೇ ಹಾಕಿದ್ದು ಮೊದಲಿನ ಜನರಿಗೇ ಕಾಣುತ್ತಿರುತ್ತದೆ. ಅದನ್ನು ಅಳಿಸಿ ಮತ್ತೆ ಹಾಕಬೇಕು.

ಇಲ್ಲಿ `My contacts except…` ಬಳಸಿ ಒಬ್ಬೊಬ್ಬರನ್ನೇ ಹೊರಗಿಡುತ್ತಾ ಹೋಗುವವರು ಜಾಸ್ತಿ. ಅದು ನಡೆಯದ ದಾರಿ. ಹೊಸದಾಗಿ ಸೇವ್ ಮಾಡಿದ ಪ್ರತಿ ನಂಬರ್ ತಾನಾಗಿಯೇ ಒಳಗೆ ಬರುತ್ತದೆ. ಅದರ ಬದಲು `Only share with…` ಇಟ್ಟುಕೊಂಡು ಹತ್ತು-ಹದಿನೈದು ಹೆಸರು ಆರಿಸಿ. ಹೊಸ ನಂಬರ್ ತಾನಾಗಿ ಸೇರುವುದಿಲ್ಲ. ಪ್ರವಾಸದ ನಡುವೆಯೇ ಅಜ್ಜನಿಗೆ, ತಂಗಿಗೆ ಫೋಟೊ ತೋರಿಸಬೇಕು ಅನ್ನಿಸುವುದು ಸಹಜ. ಅದಕ್ಕೆ ಈ ಸಣ್ಣ ಪಟ್ಟಿ ಸಾಕು. ನೀವು ಊರಲ್ಲಿಲ್ಲ ಅಂತ ಮೊದಲೇ ಗೊತ್ತಿರುವವರು ಮಾತ್ರ ಅದರಲ್ಲಿ ಇರಲಿ. ಉಳಿದವರಿಗೆಲ್ಲ ಊರಿಗೆ ಬಂದ ಮರುದಿನ.

ನೀವು ತಡೆದು ಹಾಕಿದರೂ ಜೊತೆಗೆ ಬಂದವರು ತಡೆಯುತ್ತಾರೆ ಅನ್ನುವಂತಿಲ್ಲ. ಎರಡು ಮನೆಯವರು ಸೇರಿ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋದರೆ ಎಂಟು ಫೋನು ಅದರಲ್ಲಿರುತ್ತವೆ. ಕಾಲೇಜಿಗೆ ಹೋಗುವ ಅಣ್ಣನ ಮಗ ಇನ್‌ಸ್ಟಾಗ್ರಾಮಿನಲ್ಲಿ ನಿಮ್ಮನ್ನು ಟ್ಯಾಗ್ ಮಾಡಿ ಸ್ಟೋರಿ ಹಾಕುತ್ತಾನೆ. ಗಾಡಿಯ ಡ್ರೈವರ್ ತಮ್ಮ ಸ್ಟೇಟಸ್ಸಿಗೆ ಎಲ್ಲರ ಗ್ರೂಪ್ ಫೋಟೊ ಹಾಕುತ್ತಾರೆ, ಅದು ಅವರ ವ್ಯಾಪಾರದ ಜಾಹೀರಾತೂ ಹೌದು. ಹೊರಡುವ ಮುಂಚೆ ಒಂದು ಮಾತು ಆಡಿಕೊಂಡರೆ ಇದು ಬಗೆಹರಿಯುತ್ತದೆ: ‘ಫೋಟೊ ಎಲ್ಲಾ ಹೊಳ್ಳಿ ಬಂದ ಮ್ಯಾಲೆ ಹಾಕೋಣ್ರಿ, ಮನ್ಯಾಗ ಯಾರೂ ಇಲ್ಲ.’ ಯಾರೂ ಬೇಡ ಅನ್ನುವುದಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಟ್ಯಾಗನ್ನು ನೀವು ಒಪ್ಪಿದ ಮೇಲೆಯೇ ನಿಮ್ಮ ಪ್ರೊಫೈಲಿನಲ್ಲಿ ಕಾಣುವಂತೆ ಇಟ್ಟುಕೊಳ್ಳಬಹುದು. ಆದರೆ ಅದು ನಿಮ್ಮ ಪ್ರೊಫೈಲನ್ನು ಮಾತ್ರ ಕಾಯುತ್ತದೆ. ಅವನ ಸ್ಟೋರಿಯಲ್ಲಿ ಇರುವುದು ಇದ್ದೇ ಇರುತ್ತದೆ.

ಫೋಟೊ ಫೈಲಿನ ಒಳಗೆ ಅಡಗಿರುವ ಮಾಹಿತಿಯ ಬಗ್ಗೆ ಜನರಿಗೆ ಭಯ ಹೆಚ್ಚು, ತಿಳಿವಳಿಕೆ ಕಡಿಮೆ. ಲೊಕೇಶನ್ ಆನ್ ಇದ್ದರೆ ಫೋನು ಪ್ರತಿ ಫೋಟೊದಲ್ಲಿ ತೆಗೆದ ಜಾಗದ ಅಕ್ಷಾಂಶ-ರೇಖಾಂಶ ಬರೆದಿಡುತ್ತದೆ. ದಶಮಾಂಶದ ನಂತರ ನಾಲ್ಕು ಅಂಕಿ ಇದ್ದರೆ ಸಾಕು, ಅದು ಹನ್ನೊಂದು ಮೀಟರ್ ಒಳಗಿನ ಗುರುತು. ಅಂದರೆ ಯಾವ ಮನೆ ಅನ್ನುವಷ್ಟು ಸ್ಪಷ್ಟ. ವಾಟ್ಸ್ಆ್ಯಪ್ಪಿನಲ್ಲಿ ಫೋಟೊವಾಗಿ ಕಳಿಸಿದರೆ ಇದು ಅಳಿಸಿಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಿಂದ ಬೇರೆಯವರು ಇಳಿಸಿಕೊಂಡ ಫೋಟೊದಲ್ಲೂ ಇರುವುದಿಲ್ಲ. ಹಾಗಾದರೆ ಎಲ್ಲಿ ಉಳಿಯುತ್ತದೆ? ‘ಕ್ಲಿಯರ್ ಬರಲ್ಲ, ಡಾಕ್ಯುಮೆಂಟ್ ಮಾಡಿ ಕಳಿಸು’ ಅಂತ ಯಾರೋ ಕೇಳಿದಾಗ. ಡಾಕ್ಯುಮೆಂಟ್ ಆಗಿ ಕಳಿಸಿದ್ದು ಮೂಲ ಫೈಲು. ಜಾಗ, ಗಂಟೆ ಎಲ್ಲ ಅದರೊಳಗೇ ಇರುತ್ತದೆ. ಫೈಲಿನ ಹೆಸರೇ ಸಾಕು ಕೆಲವೊಮ್ಮೆ:

```
20251122_131840.jpg
```

2025ರ ನವೆಂಬರ್ 22, ಮಧ್ಯಾಹ್ನ 1 ಗಂಟೆ 18 ನಿಮಿಷ 40 ಸೆಕೆಂಡು. ಅದು ಶನಿವಾರ ಅಂತ ಕ್ಯಾಲೆಂಡರ್ ಹೇಳುತ್ತದೆ.

ಗೂಗಲ್ ಫೋಟೋಸ್‌ನಲ್ಲಿ ಆಲ್ಬಮ್ ಮಾಡಿ ಲಿಂಕ್ ಕಳಿಸುವವರು ಆ ಆಲ್ಬಮ್ಮಿನ ಆಯ್ಕೆಗಳಲ್ಲಿ ಲೊಕೇಶನ್ ಹಂಚುವುದು ಆನ್ ಇದೆಯೇ ಅಂತ ನೋಡಬೇಕು. ಐಫೋನಿನಲ್ಲಿ ಶೇರ್ ಮಾಡುವಾಗ ಮೇಲೆ ಕಾಣುವ `Options` ಒತ್ತಿ ಲೊಕೇಶನ್ ತೆಗೆಯಬಹುದು. ಇದೆಲ್ಲ ಬೇಡ ಅನ್ನುವವರಿಗೆ ಸುಲಭದ ದಾರಿ ಒಂದಿದೆ. ತಿದ್ದಿ ಮುಗಿಸಿದ ಫೋಟೊವನ್ನು ಪರದೆ ತುಂಬ ಇಟ್ಟು ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿ. ಸ್ವಲ್ಪ ಕ್ಲಿಯರ್ ಕಡಿಮೆಯಾಗುತ್ತದೆ, ಆದರೆ ಹಳೆಯ ಮಾಹಿತಿ ಯಾವುದೂ ಜೊತೆಗೆ ಹೋಗುವುದಿಲ್ಲ. ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಬೇಕು. ನಮ್ಮ ಊರುಗಳ ಮನೆಗಳ ಸುದ್ದಿ ಫೈಲಿನೊಳಗಿನ ಅಂಕಿಗಳಿಂದ ಸೋರುವುದು ಕಡಿಮೆ. ಕಣ್ಣಿಗೆ ಕಾಣುವ ಚಿತ್ರದಿಂದ, ಓದಲು ಬರುವ ಸಾಲಿನಿಂದ ಸೋರುವುದೇ ಹೆಚ್ಚು.

ಹಾಗಾದರೆ ಆ ಧಾರವಾಡದ ಮನೆಯವರು ತಮ್ಮ ಫೋಟೊಗಳನ್ನು ಹೇಗೆ ಜೋಡಿಸಬೇಕಿತ್ತು? ದಿನದ ಲೆಕ್ಕ ಬಿಟ್ಟುಬಿಡುವುದೇ ಮೊದಲ ಹೆಜ್ಜೆ. ‘ಮೊದಲ ದಿನ, ಎರಡನೇ ದಿನ’ ಅಂತ ಜೋಡಿಸಿದ ಸರಣಿ ನಿಮ್ಮ ಓಡಾಟದ ಡೈರಿ. ನೋಡುವವರಿಗೆ ಅದರಿಂದ ರುಚಿಯೂ ಹೆಚ್ಚಿಲ್ಲ, ಅಲ್ವಾ? ಅದರ ಬದಲು ವಸ್ತುವಿನ ಮೇಲೆ ಜೋಡಿಸಿ.

ಉದಾಹರಣೆಗೆ ನೀರು. ಲಕ್ಕುಂಡಿಯಲ್ಲಿ ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯ ಮೆಟ್ಟಿಲು, ಅದರ ಗೋಡೆಯ ಸಣ್ಣ ಸಣ್ಣ ಗೂಡುಗಳು. ಅದರ ಪಕ್ಕದಲ್ಲೇ ಹಂಪಿಯ ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿ. ಎರಡೂ ಕಡೆ ಮೆಟ್ಟಿಲು ಇಳಿಯುತ್ತಾ ಹೋಗುವ ರೀತಿ ಬೇರೆ. ಮಗಳು ಬಾವಿಯ ಮೇಲಿನ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತಿರುವ ಒಂದು ಫೋಟೊ ಇದ್ದರೆ ಅಳತೆಯೂ ತಿಳಿಯುತ್ತದೆ. ಆಮೇಲೆ ಕಲ್ಲು. ಲಕ್ಕುಂಡಿಯ ಕಂಬಗಳು ಮೆದುವಾದ ಬಳಪದ ಕಲ್ಲಿನವು. ಅದಕ್ಕೇ ಅಷ್ಟು ನಯ, ಅಷ್ಟು ಸಣ್ಣ ಕೆತ್ತನೆ. ಹಂಪಿಯದು ಗಡಸು ಗ್ರಾನೈಟ್. ಎರಡನ್ನೂ ಹತ್ತಿರದಿಂದ ತೆಗೆದು ಪಕ್ಕ ಪಕ್ಕ ಇಟ್ಟರೆ ಯಾರೂ ವಿವರಿಸದೆಯೇ ವ್ಯತ್ಯಾಸ ಕಾಣುತ್ತದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಬಗ್ಗೆ ಎರಡು ಸಾಲು ಬರೆದರೆ ಓದುವವರಿಗೆ ನಿಮ್ಮ ಪ್ರವಾಸದಿಂದ ಏನಾದರೂ ಸಿಕ್ಕಂತಾಯಿತು. ಕೊನೆಗೆ ತಿಂಡಿ: ಗದಗದ ಮಿರ್ಚಿಯ ಎಣ್ಣೆ ಹೀರಿದ ಪೇಪರು, ಅದರ ಮೇಲೆ ಅಜ್ಜಿಯ ಕೈ.

ಹೀಗೆ ಜೋಡಿಸಿದಾಗ ಶನಿವಾರ, ಭಾನುವಾರ, ಸೋಮವಾರ ಮೂರೂ ಕಲಸಿಹೋಗುತ್ತವೆ. ಎಷ್ಟು ದಿನ ಹೋಗಿದ್ದರು, ಯಾವಾಗ ಹೋಗಿದ್ದರು ಅನ್ನುವುದು ಸರಣಿಯಿಂದ ಹುಟ್ಟುವುದೇ ಇಲ್ಲ. ‘ಈ ಚಳಿಗಾಲದಲ್ಲಿ ಹೋಗಿದ್ದು’ ಅಂದರೆ ಸಾಕು. ಯಾವ ಸುಳ್ಳನ್ನೂ ಹೇಳಿಲ್ಲ. ಲಕ್ಕುಂಡಿ, ಹಂಪಿ ಅಂತ ಜಾಗದ ಹೆಸರು ಹಾಕಿದರೂ ಈಗ ತೊಂದರೆಯಿಲ್ಲ, ಏಕೆಂದರೆ ನೀವು ಅಲ್ಲಿಲ್ಲ. ಜಾಗದ ಟ್ಯಾಗಿನ ವಿಚಾರದಲ್ಲಿ ದೂರದ ಊರಿಗಿಂತ ಹತ್ತಿರದ್ದೇ ಹೆಚ್ಚು ಹೇಳುತ್ತದೆ. ಪ್ರತಿ ವಾರ ಸಂಜೆ ಅದೇ ಕೆರೆಯ ದಂಡೆ, ಅದೇ ಪಾರ್ಕು, ಅದೇ ಐಸ್‌ಕ್ರೀಮ್ ಅಂಗಡಿ ಟ್ಯಾಗ್ ಆಗುತ್ತಿದ್ದರೆ ಮನೆ ಯಾವ ಬಡಾವಣೆಯಲ್ಲಿದೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಅದೂ ಹಳೆಯದಾಗದ ಸುದ್ದಿ.

ಖಾಲಿ ಮನೆಯ ಸುದ್ದಿಯೂ ಒಂದೊಂದು ಸಲ ಹಳೆಯದಾಗದೆ ಉಳಿಯುತ್ತದೆ. ಪ್ರತಿ ವರ್ಷ ತಪ್ಪದೆ ಊರ ಜಾತ್ರೆಗೆ ಹೋಗುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ‘ಸತತ ಐದನೇ ವರ್ಷ, ತೇರಿನ ಮೂರು ದಿನವೂ ಊರಲ್ಲೇ’ ಅಂತ ಬರೆದರೆ, ವಾಪಸ್ ಬಂದ ಮೇಲೆ ಬರೆದಿದ್ದರೂ ಆರನೇ ವರ್ಷದ ಮೂರು ದಿನ ಆಗಲೇ ಹೇಳಿದಂತಾಯಿತು. ಇಂಥ ಕಡೆ ತೇರಿನ ಫೋಟೊ ಹಾಕಿ, ಲೆಕ್ಕ ಹಾಕಬೇಡಿ.

ಇನ್ನು ಮಗಳ ಸ್ಕೂಲಿನ ವಿಷಯ. ಇಲ್ಲಿ ನಿಧಾನವಾಗಿ ಹೋಗಬೇಕು, ಯಾಕೆಂದರೆ ಹೆಚ್ಚಿನವರು ಪ್ರವಾಸದ ಫೋಟೊಗೂ ಸ್ಕೂಲಿಗೂ ಏನು ಸಂಬಂಧ ಅನ್ನುತ್ತಾರೆ. ಸಂಬಂಧ ಇರುವುದು ಪ್ರವಾಸದ ಎರಡು ತುದಿಯಲ್ಲಿ. ಹೊರಡುವಾಗ ಸ್ಕೂಲಿನಿಂದ ಹೊರಡುತ್ತೇವೆ, ಬಂದ ಮೇಲೆ ಸ್ಕೂಲಿಗೆ ಮರಳುತ್ತೇವೆ. ಸರಣಿಯ ಮೊದಲ ಮತ್ತು ಕೊನೆಯ ಫೋಟೊಗಳಲ್ಲಿ ಸ್ಕೂಲು ನುಸುಳುವುದು ಅದಕ್ಕೇ. ನಡುವಿನ ಹಂಪಿಯ ಫೋಟೊಗಳಲ್ಲಿ ಅದಕ್ಕೆ ಜಾಗವೇ ಇಲ್ಲ.

ದಿನಚರಿ ಅನ್ನುವುದು ಯಾರೂ ಒಂದೇ ಸಲ ಹೇಳುವ ವಿಷಯವಲ್ಲ. ಅದು ಚೂರು ಚೂರಾಗಿ ಹೊರಗೆ ಹೋಗುತ್ತದೆ. ನಮ್ಮ ಉದಾಹರಣೆಯ ಮನೆಯಿಂದ ಆರು ತಿಂಗಳಲ್ಲಿ ಹೋದದ್ದನ್ನು ನೋಡಿ. ಜೂನ್ ಮೊದಲ ವಾರ, ಹೊಸ ಯೂನಿಫಾರ್ಮು, ಟೈ ಮೇಲಿನ ಗುರುತು. ಜುಲೈನಲ್ಲಿ ಮಳೆಯಲ್ಲಿ ಕೊಡೆ ಹಿಡಿದು ವ್ಯಾನಿಗೆ ಕಾಯುತ್ತಿರುವ ಮುದ್ದಾದ ಫೋಟೊ, ಹಿಂದೆ ಓಣಿಯ ತುದಿಯ ಕಿರಾಣಿ ಅಂಗಡಿಯ ಬೋರ್ಡು. ಆಗಸ್ಟ್‌ನಲ್ಲಿ ಹಾರ್ಮೋನಿಯಂ ಮುಂದೆ ಕೂತದ್ದು, ‘ಮಂಗಳವಾರ, ಗುರುವಾರ ಸಂಜೆ ಐದರ ಕ್ಲಾಸ್‌ಗೆ ಒಂದು ದಿನವೂ ತಪ್ಪಿಸಿಲ್ಲ’. ಆಮೇಲೆ ಹಂಪಿಗೆ ಹೊರಟ ದಿನದ ಬಿಳಿ ಡ್ರೆಸ್ಸು, ಹನ್ನೊಂದೂವರೆ. ವಾಪಸ್ ಬರುವ ದಿನದ ಎಂಟೂ ಹತ್ತರ ವ್ಯಾನು. ಸ್ಕೂಲು, ನಿಲ್ಲುವ ಜಾಗ, ಬೆಳಗಿನ ಗಂಟೆ, ಶನಿವಾರದ ಗಂಟೆ, ವಾರದ ಎರಡು ಸಂಜೆ, ಎಲ್ಲ ಬಂತು. ಒಂದೊಂದು ಪೋಸ್ಟೂ ಅಪ್ಪ-ಅವ್ವನ ಹೆಮ್ಮೆಯಿಂದ ಹುಟ್ಟಿದ್ದು. ಜೋಡಿಸಿ ನೋಡುವ ಉದ್ದೇಶ ಇರುವವನಿಗೆ ಮಾತ್ರ ಅದು ವೇಳಾಪಟ್ಟಿ.

‘ನಮ್ಮ ಅಕೌಂಟ್ ಪ್ರೈವೇಟ್ ಇದೆ, ಪರಿಚಯದವರೇ ಇರೋದು’ ಅನ್ನುವ ಸಮಾಧಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿಯ ವರದಿಗಳಲ್ಲಿ ವರ್ಷದಿಂದ ವರ್ಷಕ್ಕೆ ಕಾಣುವುದು ಒಂದೇ ಚಿತ್ರ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಮೊದಲೇ ಪರಿಚಯ ಇದ್ದವರು. ಬಂಧುಗಳು, ನೆರೆಯವರು, ಮನೆಗೆ ಬಂದು ಹೋಗುವವರು. ಪ್ರೈವೇಟ್ ಅಕೌಂಟ್ ಅಪರಿಚಿತರನ್ನು ಹೊರಗಿಡುತ್ತದೆ, ಇವರನ್ನಲ್ಲ. ಅದಕ್ಕೇ ಖಾಲಿ ಮನೆಯ ವಿಷಯದಲ್ಲಿ ನಂಬಿಕೆಯ ಹದಿನೈದು ಜನರಿಗೆ ತೋರಿಸಿ ಅಂದವನು, ಸ್ಕೂಲಿನ ಟೈಮನ್ನು ಆ ಹದಿನೈದು ಜನರಿಗೂ ತೋರಿಸಬೇಡಿ ಅನ್ನುತ್ತೇನೆ. ಮಗುವನ್ನು ಕರೆದುಕೊಂಡು ಬರುವ ಒಬ್ಬರಿಗೋ ಇಬ್ಬರಿಗೋ ಬಿಟ್ಟು ಆ ಗಂಟೆ ಯಾರಿಗೂ ಬೇಕಾಗಿಲ್ಲ.

ಪ್ರವಾಸದ ವಿವರಗಳಿಗೆ ಇನ್ನೊಂದು ಅಪಾಯದ ಉಪಯೋಗವಿದೆ. ಮಗುವಿನ ಮುಂದೆ ಅವು ಪರಿಚಯದ ಚೀಟಿಯಾಗುತ್ತವೆ. ಗೇಟಿನ ಹತ್ತಿರ ಒಬ್ಬ ಬಂದು, ‘ಚಿನ್ನೂ, ಹಂಪಿಯೊಳಗ ಕಲ್ಲಿನ ರಥ ನೋಡಿದಿ ಅಲ್ಲಾ? ನಿಮ್ಮಪ್ಪ ತೋರ್ಸಿದ್ರು ಫೋಟೊ. ಅಜ್ಜಿಗೆ ಆರಾಮಿಲ್ಲ, ನಿನ್ನ ಕರ್ಕೊಂಡ ಬಾ ಅಂದಾರ’ ಅಂದರೆ ಎಂಟು ವರ್ಷದ ಮಗು ಏನು ಮಾಡಬೇಕು? ಅವನಿಗೆ ಮನೆಯ ಮುದ್ದಿನ ಹೆಸರು ಗೊತ್ತಿದೆ, ಎಲ್ಲಿ ಹೋಗಿದ್ದರು ಗೊತ್ತಿದೆ, ಅಜ್ಜಿ ಇದ್ದಾರೆ ಅಂತಲೂ ಗೊತ್ತಿದೆ. ಇದಕ್ಕೆ ಫೋಟೊ ತಡ ಮಾಡಿ ಹಾಕಿದ್ದು ಯಾವ ರಕ್ಷಣೆಯೂ ಅಲ್ಲ. ಮಗುವಿನ ಮುದ್ದಿನ ಹೆಸರನ್ನು ಬರಹದಿಂದ ದೂರ ಇಡಿ. ಮಗು ಮತ್ತು ಅಪ್ಪ-ಅವ್ವನ ನಡುವೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಅದನ್ನು ಹೇಳದವರ ಜೊತೆ ಎಷ್ಟೇ ಪರಿಚಯ ಹೇಳಿದರೂ ಹೋಗಬಾರದು, ಟೀಚರ್ ಹತ್ತಿರ ಓಡಬೇಕು ಅಂತ ಕಲಿಸಿ. ಆ ಮಾತು ಯಾವ ಫೋಟೊದಲ್ಲೂ ಇರದಂಥದ್ದಾಗಿರಲಿ. ಊರಿನ ಹೆಸರು, ನಾಯಿಯ ಹೆಸರು ಬೇಡ.

ಫೋಟೊದಿಂದ ಸ್ಕೂಲನ್ನು ತೆಗೆಯುವ ಕೆಲಸ ಕೈಯಿಂದಲೇ ಆಗಬೇಕು. ಹಾಕುವ ಮುಂಚೆ ಫೋಟೊವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನಾಲ್ಕೂ ಅಂಚು ನೋಡುತ್ತಾ ಬನ್ನಿ. ನಡುವಿನ ಮುಖಗಳನ್ನು ನೀವು ಆಗಲೇ ನೋಡಿದ್ದೀರಿ, ಗುರುತು ಇರುವುದು ಅಂಚಿನಲ್ಲಿ. ಸೀಟಿನ ಕೆಳಗೆ ನೀರಿನ ಬಾಟಲಿ, ಅದರ ಮೇಲೆ ಹೆಸರು, ಕ್ಲಾಸು, ಸೆಕ್ಷನ್. ಬ್ಯಾಗಿನ ಜೇಬಿನಿಂದ ಇಣುಕುವ ಡೈರಿ. ಎಷ್ಟೋ ಸ್ಕೂಲುಗಳ ಐಡಿ ಕಾರ್ಡಿನಲ್ಲಿ ಮನೆಯ ವಿಳಾಸ, ಅಪ್ಪನ ನಂಬರ್ ಕೂಡ ಇರುತ್ತದೆ. ಈಗಿನ ಫೋನುಗಳ ಫೋಟೊದಲ್ಲಿ ಅದು ಓದುವಷ್ಟು ಚೆನ್ನಾಗಿ ಬರುತ್ತದೆ. ಗುರುತು ಅಂಚಿನಲ್ಲಿದ್ದರೆ ಕತ್ತರಿಸಿ. ನಡುವೆ ಇದ್ದರೆ ಪೂರ್ತಿ ಬಣ್ಣ ತುಂಬಿದ ಸ್ಟಿಕ್ಕರ್ ಅಂಟಿಸಿ. ಹೈಲೈಟರ್ ಪೆನ್ನಿನಿಂದ ಗೀಚಿದರೆ ಸಾಲದು. ಅದು ಅರ್ಧ ಪಾರದರ್ಶಕ, ಬ್ರೈಟ್‌ನೆಸ್ ಏರಿಸಿದರೆ ಅಕ್ಷರ ಮತ್ತೆ ಕಾಣುತ್ತದೆ. ಯೂನಿಫಾರ್ಮಿನ ಬಣ್ಣವೇ ಊರಿಗೆಲ್ಲ ಗೊತ್ತಿರುವಂಥದ್ದಾದರೆ ಸ್ಟಿಕ್ಕರೂ ಉಪಯೋಗಕ್ಕೆ ಬರುವುದಿಲ್ಲ. ಆ ಫೋಟೊ ಮನೆಯ ಆಲ್ಬಮ್ಮಿಗೆ. ಇದಕ್ಕಿಂತ ಸುಲಭ, ಹೊರಡುವ ಮುಂಚೆ ಮಗಳ ಡ್ರೆಸ್ ಬದಲಿಸಿ ಸ್ಕೂಲ್ ಬ್ಯಾಗನ್ನು ಮನೆಯಲ್ಲೇ ಬಿಡುವುದು. ಆಮೇಲೆ ಕಾರಿನ ಫೋಟೊಗಳಲ್ಲಿ ಹುಡುಕಿ ತೆಗೆಯುವ ಕೆಲಸವೇ ಇರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಓಣಿಯಲ್ಲಿ ನಡೆದು ಹೋಗುವವರಿಗೆ ಕಾಣುವುದು ಕಾಣುತ್ತದೆ. ಎರಡು ದಿನ ರಂಗೋಲಿ ಇಲ್ಲದ ಬಾಗಿಲು, ಗೇಟಿನಲ್ಲಿ ಬಿದ್ದ ಪೇಪರು, ಹಾಲಿನ ಪಾಕೀಟು. ಇದು ಪಕ್ಕದ ಮನೆಯವರ ಕೆಲಸ, ಫೋಟೊದ್ದಲ್ಲ. ಅವರಿಗೆ ಕೀಲಿ ಕೊಟ್ಟು, ಹಾಲು-ಪೇಪರ್ ನಿಲ್ಲಿಸಿ, ಹೆಚ್ಚು ದಿನ ಹೋಗುವುದಾದರೆ ನಿಮ್ಮ ಠಾಣೆಗೂ ಒಂದು ಮಾತು ತಿಳಿಸಿ ಹೋಗುವುದು ಒಳ್ಳೆಯದು. ಯಾರಾದರೂ ಓಡಾಡುತ್ತಿರುವುದು ಕಂಡರೆ 112ಕ್ಕೆ ಫೋನ್ ಮಾಡಲು ನೆರೆಯವರಿಗೆ ಹೇಳಿಟ್ಟಿರಿ.

ಕಾನೂನಿನ ಆಸರೆ ಇಲ್ಲಿ ಸಣ್ಣದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳು ಅನ್ನುತ್ತದೆ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು ಅನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಭಾಗಗಳು ಜಾರಿಗೆ ಬರುವುದು ಹದಿನೆಂಟು ತಿಂಗಳ ನಂತರ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಬಳಸುವ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಅಪ್ಪ ಹಾಕಿದ ಸ್ಟೇಟಸ್ಸು, ಅತ್ತೆ ಹಾಕಿದ ರೀಲು ಇದರ ಹೊರಗೆ.

ಸ್ಕೂಲಿನ ಮಾತು ಬೇರೆ. ಡಿಸೆಂಬರ್, ಜನವರಿಯಲ್ಲಿ ಸ್ಕೂಲಿನ ಟೂರ್ ಹೊರಡುತ್ತದೆ. ಬಸ್ಸು ಬಾದಾಮಿ ತಲುಪುವ ಮುಂಚೆಯೇ ಫೋಟೊಗಳು ಸ್ಕೂಲಿನ ಪೇಜಿನಲ್ಲಿ ಬಂದಿರುತ್ತವೆ. ಮಕ್ಕಳ ಎದೆಯ ಮೇಲೆ ಐಡಿ ಕಾರ್ಡು, ಬರಹದಲ್ಲಿ ವಾಪಸ್ ಬರುವ ಗಂಟೆ. ಪಾಲಕರು ಕಾಯುತ್ತಿರುತ್ತಾರೆ, ಅವರಿಗೆ ತಿಳಿಯಲಿ ಅನ್ನುವುದು ಟೀಚರುಗಳ ಒಳ್ಳೆಯ ಮನಸ್ಸು. ಆ ಸುದ್ದಿ ಪಾಲಕರ ಗ್ರೂಪಿನಲ್ಲಿ ಬಂದರೆ ಸಾಕು, ಪೇಜಿಗೆ ಹೋಗಬೇಕಿಲ್ಲ. ಕಾಯ್ದೆ ಪೂರ್ತಿ ಜಾರಿಗೆ ಬರಲಿ ಅಂತ ಕಾಯುವುದೂ ಬೇಕಿಲ್ಲ. ಟೂರಿನ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವಾಗಲೇ ಕೆಳಗೆ ಎರಡು ಸಾಲು ಬರೆದುಕೊಡಬಹುದು: ‘ನನ್ನ ಮಗಳ ಫೋಟೊವನ್ನು ಬಸ್ಸು ವಾಪಸ್ ಬಂದ ಮರುದಿನದ ನಂತರವೇ ಪೇಜಿನಲ್ಲಿ ಹಾಕಿ. ಹೆಸರು, ಕ್ಲಾಸು, ಐಡಿ ಕಾರ್ಡು ಕಾಣದಿರಲಿ.’ ಹತ್ತು ಜನ ಪಾಲಕರು ಇದನ್ನೇ ಬರೆದರೆ ಮುಂದಿನ ವರ್ಷದ ಒಪ್ಪಿಗೆ ಪತ್ರದಲ್ಲಿ ಈ ಸಾಲು ಅಚ್ಚಾಗಿಯೇ ಬರಬಹುದು.